ಈಗ ಆಗುವುದಿಲ್ಲ, ಜೂನ್ ನಂತರ ಆಗುತ್ತದೆ

ಪ್ರಶ್ನೆ: ಶಿರಸಿಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕದ ವಿಭಾಗದ ಕೆಲಸಕ್ಕೆ ನೇಮಕಾತಿ ಪತ್ರ ಬಂದಿದೆ. ಮುಂದಿನ 1ನೇ ತಾರೀಖು ಸೇರಬೇಕು. ನಾನು ಕಾರವಾರದವಳು. ಅಮ್ಮ ಬಿದ್ದು ಸೊಂಟದ ಮೂಳೆ ಮುರಿದಿದೆ, ಬಿಟ್ಟು ಹೋಗೋಕೆ ಆಗಲ್ಲ. ತಮ್ಮನ ಓದು ಜೂನ್‌ಗೆ ಮುಗಿಯುತ್ತೆ, ಅವನು ಬಂದಮೇಲೆ ನಾನು ಎಲ್ಲಿಗಾದರೂ ಹೋಗಬಹುದು. ಅವರಿಗೆ ಬೇಜಾರಾಗದ ಹಾಗೆ, ಮುಂದೆ ಜಾಗ ಖಾಲಿಯಾದರೆ ಕರೆಯೋ ಹಾಗೆ ಪತ್ರ ಬರೆಯೋದು ಹೇಗೆ?

ಉತ್ತರ:

ಮೊದಲು ಫೋನ್ ಮಾಡಿ, ಇವತ್ತೇ. ಪತ್ರ ಆಮೇಲೆ.

ನಾನು ಹನ್ನೊಂದು ವರ್ಷ ಇಂಥದ್ದೇ ಒಂದು ಸಂಘದ ಕಚೇರಿಯಲ್ಲಿ ಸಿಬ್ಬಂದಿ ಫೈಲುಗಳನ್ನು ನೋಡಿಕೊಂಡವನು. ಒಬ್ಬರು ಬರುವುದಿಲ್ಲ ಅಂದರೆ ನಮಗೆ ಅಷ್ಟೇನೂ ಬೇಜಾರಾಗುತ್ತಿರಲಿಲ್ಲ. ತಡವಾಗಿ ಹೇಳಿದರೆ ಮಾತ್ರ ಕಷ್ಟ. ಸಂದರ್ಶನದಲ್ಲಿ ನಿಮ್ಮ ಹಿಂದೆ ಇನ್ನೊಬ್ಬರು ಎರಡನೆಯವರಾಗಿ ನಿಂತಿರುತ್ತಾರೆ. ಒಮ್ಮೆ ಒಬ್ಬ ಹುಡುಗ "ನೋಡ್ತೆ, ನೋಡ್ತೆ" ಅನ್ನುತ್ತಾ ಹದಿನೈದು ದಿನ ಕಳೆದ. ಸೇರುವ ದಿನ ಬರಲೂ ಇಲ್ಲ. ಅಷ್ಟರಲ್ಲಿ ಎರಡನೆಯವಳು ಕುಮಟೆಯಲ್ಲಿ ಬೇರೆ ಕಡೆ ಸೇರಿಯಾಗಿತ್ತು. ಮತ್ತೆ ಜಾಹೀರಾತು, ಮತ್ತೆ ಸಂದರ್ಶನ. ಅಡಿಕೆ ಕೊನೆಕೊಯ್ಲು ಮುಗಿದು ವ್ಯಾಪಾರ ಶುರುವಾಗುವ ಹೊತ್ತಿಗೆ ಲೆಕ್ಕ ಬರೆಯಲು ಜನ ಇಲ್ಲದೆ ಪರದಾಡಿದೆವು. ಅವನ ಹೆಸರು ಇವತ್ತಿಗೂ ಅಲ್ಲಿ ಎಲ್ಲರಿಗೂ ನೆನಪಿದೆ!

ಪತ್ರಕ್ಕೆ ಸಹಿ ಹಾಕಿದ್ದು ಕಾರ್ಯದರ್ಶಿಯಾದರೆ ಅವರಿಗೇ ಫೋನ್ ಮಾಡಿ. ಪರಿಚಯದವರ ಮೂಲಕ ಹೇಳಿ ಕಳಿಸಬೇಡಿ. ನಮ್ಮ ಕಡೆ ಅದು ಜಾಸ್ತಿ. ಮಾವನ ಗೆಳೆಯ ನಿರ್ದೇಶಕ ಅಂತ ಅವರಿಗೆ ಹೇಳುವುದು, ಅವರು ಮರೆಯುವುದು. ಎರಡು ನಿಮಿಷ ಸಾಕು: "ಸರ್, ನನಗೆ ಸೇರಲು ಆಗುವುದಿಲ್ಲ, ಅಮ್ಮನಿಗೆ ಹೀಗಾಗಿದೆ, ಪತ್ರ ಕಳಿಸುತ್ತಿದ್ದೇನೆ." ಅವರು "ಒಂದು ತಿಂಗಳು ಬಿಟ್ಟು ಬನ್ನಿ" ಅನ್ನಬಹುದು. ನಿಮಗೆ ಬೇಕಾಗಿದ್ದು ಮೂರ್ನಾಲ್ಕು ವಾರ ಆಗಿದ್ದರೆ ಅದನ್ನೇ ಕೇಳಿ ಅನ್ನುತ್ತಿದ್ದೆ. ಆದರೆ ನಿಮ್ಮದು ಜೂನ್ ಮಾತು. ದಾಕ್ಷಿಣ್ಯಕ್ಕೆ ಹೂಂ ಅಂದುಬಿಡಬೇಡಿ.

ಇನ್ನು ಪತ್ರ. ಹೆಚ್ಚಿನವರು ಎಡವುವುದು ಮೊದಲ ಸಾಲಿನಲ್ಲೇ. "ತಮ್ಮ ಸಂಸ್ಥೆಯಲ್ಲಿ ಸೇವೆ ಸಲ್ಲಿಸುವುದು ನನ್ನ ಭಾಗ್ಯ, ಆದರೆ ಕೌಟುಂಬಿಕ ಕಾರಣದಿಂದ ಸದ್ಯಕ್ಕೆ ಸ್ವಲ್ಪ ಕಷ್ಟವಾಗುತ್ತಿದೆ" ಅಂತ ಶುರು ಮಾಡುತ್ತಾರೆ. ಇದನ್ನು ಆಡಳಿತ ಮಂಡಳಿ ಸಭೆಯಲ್ಲಿ ಓದಿದರೆ ಯಾರಾದರೂ ಒಬ್ಬರು "ಸಮಯ ಕೇಳ್ತಾ ಇದ್ದಾಳೆ, ಕೊಡೋಣ" ಅನ್ನುತ್ತಾರೆ. ಜಾಗ ನಿಮ್ಮ ಹೆಸರಲ್ಲೇ ಉಳಿಯುತ್ತದೆ, ನೀವು ಎರಡನೇ ಸಲ ಬೇಡ ಅನ್ನಬೇಕಾಗುತ್ತದೆ.

ನನಗೇ ಹೀಗಾಗಿದೆ. ಓದು ಮುಗಿದ ಹೊಸದರಲ್ಲಿ ಹುಬ್ಬಳ್ಳಿಯ ಒಂದು ಕಡೆ ಕೆಲಸ ಸಿಕ್ಕಿತ್ತು. ತೋಟ ನೋಡಿಕೊಳ್ಳಲು ಮನೆಯಲ್ಲಿ ಜನ ಇಲ್ಲ ಅನ್ನುವುದು ನಿಜವಾದ ಕಾರಣ. ಅದರ ಜೊತೆ ಸುಮ್ನೆ "ಸಂಬಳವೂ ಸ್ವಲ್ಪ ಕಡಿಮೆ ಅನಿಸಿತು" ಅಂತ ಸೇರಿಸಿದೆ. ನಾಲ್ಕೇ ದಿನಕ್ಕೆ ಎರಡು ಸಾವಿರ ಹೆಚ್ಚು ಮಾಡಿ ಹೊಸ ಪತ್ರ ಬಂತು. ಆಗಲೂ ಬೇಡ ಅಂದೆ. ಆ ಮ್ಯಾನೇಜರ್ ಫೋನಿನಲ್ಲಿ "ಮತ್ತೆ ಸಂಬಳದ ಮಾತು ಯಾಕೆ ಬರೆದ್ರಿ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಬಾಗಿಲು ಅಲ್ಲಿಗೆ ಮುಚ್ಚಿತು.

ಹಾಗಾಗಿ ಕಾರಣ ಒಂದೇ ಇರಲಿ, ಅದು ಅವರ ಕೈಯಲ್ಲಿ ಸರಿಮಾಡಲು ಆಗದಂಥದ್ದಾಗಿರಲಿ. ನಿಮ್ಮದು ಹಾಗೇ ಇದೆ. ಕಾರವಾರದಿಂದ ಶಿರಸಿ ದೂರ, ಘಟ್ಟ ಹತ್ತಬೇಕು, ಮಳೆಗಾಲದಲ್ಲಿ ಬಸ್ಸು ಕಷ್ಟ, ಇವೆಲ್ಲ ನಿಜವೇ ಆದರೂ ಬರೆಯಬೇಡಿ. ದೂರ ಅಂತ ಈಗ ಬರೆದರೆ ಜೂನ್‌ನಲ್ಲಿ ಶಿರಸಿ ಹತ್ತಿರವಾಗುತ್ತದಾ?

ನಾನಾದರೆ ಹೀಗೆ ಬರೆಯುತ್ತೇನೆ. ಬಿಟ್ಟ ಜಾಗ ನೀವು ತುಂಬಿಕೊಳ್ಳಿ.

ಇವರಿಗೆ,
ಕಾರ್ಯದರ್ಶಿಗಳು,
…… ಸಹಕಾರಿ ಸಂಘ, ಶಿರಸಿ

ವಿಷಯ: ಲೆಕ್ಕ ಸಹಾಯಕಿ ಹುದ್ದೆಗೆ ಸೇರಲು ಸಾಧ್ಯವಾಗದಿರುವ ಬಗ್ಗೆ
ಉಲ್ಲೇಖ: ತಮ್ಮ ನೇಮಕಾತಿ ಪತ್ರ ಸಂಖ್ಯೆ ……, ದಿನಾಂಕ ……

ಮಾನ್ಯರೇ,

ಮೇಲಿನ ಪತ್ರದಲ್ಲಿ ತಾವು ನೀಡಿದ ಹುದ್ದೆಗೆ ಸೇರಲು ನನಗೆ ಸಾಧ್ಯವಾಗುತ್ತಿಲ್ಲ. ದಯವಿಟ್ಟು ಈ ಹುದ್ದೆಯನ್ನು ಬೇರೆಯವರಿಗೆ ನೀಡಬೇಕಾಗಿ ಕೋರುತ್ತೇನೆ.

ಈ ತಿಂಗಳು ನನ್ನ ತಾಯಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಅವರನ್ನು ನೋಡಿಕೊಳ್ಳಲು ಮನೆಯಲ್ಲಿ ಸದ್ಯ ನಾನೊಬ್ಬಳೇ ಇದ್ದೇನೆ.

ಸಂದರ್ಶನದ ದಿನ ತಾವು ಅಡಿಕೆ ವಿಭಾಗದ ಲೆಕ್ಕ ಹೇಗೆ ನಡೆಯುತ್ತದೆ ಎಂದು ಬಿಡಿಸಿ ಹೇಳಿದಿರಿ. ಆ ಕೆಲಸ ಕಲಿಯಬೇಕೆಂಬ ಆಸೆ ನನಗೆ ಈಗಲೂ ಇದೆ. ಮುಂದಿನ ಜೂನ್ ನಂತರ ನನ್ನ ತಮ್ಮ ಮನೆಯಲ್ಲಿರುತ್ತಾನೆ. ಆಗ ಲೆಕ್ಕ ವಿಭಾಗದಲ್ಲಿ ಯಾವುದೇ ಹುದ್ದೆ ಖಾಲಿಯಾದರೆ ಖಂಡಿತ ಅರ್ಜಿ ಹಾಕುತ್ತೇನೆ. ನನ್ನ ಫೋನ್ ಸಂಖ್ಯೆ ಕೆಳಗಿದೆ.

ತಮ್ಮ ವಿಶ್ವಾಸಿ,
(ಸಹಿ, ಹೆಸರು, ವಿಳಾಸ, ಫೋನ್)

ಇಷ್ಟೇ. ಉಲ್ಲೇಖದ ಸಾಲು ಬಿಡಬೇಡಿ. ಆ ಸಂಖ್ಯೆ ನೋಡಿಯೇ ಗುಮಾಸ್ತರು ನಿಮ್ಮ ಪತ್ರವನ್ನು ಸರಿಯಾದ ಫೈಲಿಗೆ ಸೇರಿಸುತ್ತಾರೆ. "ಬೇರೆಯವರಿಗೆ ನೀಡಬೇಕಾಗಿ ಕೋರುತ್ತೇನೆ" ಅನ್ನುವುದು ಕೇಳಲು ಒರಟು ಅನಿಸಬಹುದು. ಅದನ್ನು ಓದಿದ ಕಾರ್ಯದರ್ಶಿ ಅದೇ ದಿನ ಎರಡನೆಯವರಿಗೆ ಫೋನ್ ಮಾಡಬಹುದು. ನೀವು ಅವರಿಗೆ ಮಾಡುವ ದೊಡ್ಡ ಉಪಕಾರ ಅದು.

ಕೊನೆಯ ಪ್ಯಾರಾವನ್ನು ಮಾತ್ರ ನಿಮ್ಮದೇ ಅನುಭವದಿಂದ ಬರೆಯಿರಿ. ಸಂದರ್ಶನದಲ್ಲಿ ನಿಜವಾಗಿ ನಡೆದ ಒಂದು ಮಾತು ಬೇಕು. "ಭವಿಷ್ಯದಲ್ಲಿ ಅವಕಾಶ ಸಿಕ್ಕರೆ ಪರಿಗಣಿಸಿ" ಅಂತ ಎಲ್ಲರೂ ಬರೆಯುತ್ತಾರೆ, ಯಾರೂ ಓದುವುದಿಲ್ಲ. ಯಾವ ಕೆಲಸ, ಯಾವಾಗಿನಿಂದ ಅನ್ನುವ ಎರಡು ವಿಷಯ ಇದ್ದರೆ ಮಾತ್ರ ಓದಿದವರಿಗೆ ಏನೋ ಹಿಡಿಯಲು ಸಿಗುತ್ತದೆ. ನಮ್ಮಲ್ಲಿ ಒಬ್ಬರು ಬೇಡ ಅಂದವರ ಪತ್ರ ಫೈಲಿನಲ್ಲಿತ್ತು. "ಮಗು ಶಾಲೆಗೆ ಸೇರಿದ ಮೇಲೆ, ಠೇವಣಿ ವಿಭಾಗವಾದರೂ ಆಗುತ್ತದೆ" ಅಂತ ಬರೆದಿದ್ದರು. ಎರಡು ವರ್ಷದ ಮೇಲೆ ಠೇವಣಿ ಕೌಂಟರಿನವರು ನಿವೃತ್ತರಾದಾಗ ಕಾರ್ಯದರ್ಶಿಗಳೇ "ಆ ಮಗುವಿನ ತಾಯಿ ಒಬ್ಬರಿದ್ರಲ್ಲ, ಅವರಿಗೊಂದು ಹೇಳಿ" ಅಂದರು.

ಹೇಳಿ ಅಂದರೆ ಅರ್ಜಿ ಹಾಕಲು ಹೇಳಿ ಅಂತ, ಅಷ್ಟೇ. ಇದು ನಿಮಗೂ ಗೊತ್ತಿರಲಿ. ಸಹಕಾರಿ ಸಂಘಗಳಲ್ಲಿ ಜಾಹೀರಾತು ಕೊಟ್ಟು ನೇಮಕ ಮಾಡುವಾಗ ಹಳೆಯ ಆಯ್ಕೆಯನ್ನು ಮುಂದೆ ಹಿಡಿದು ಜಾಗ ಕೇಳಲು ಬರುವುದಿಲ್ಲ. ಮತ್ತೆ ಅರ್ಜಿ, ಮತ್ತೆ ಸಂದರ್ಶನ ಇರುತ್ತದೆ. ಪತ್ರದಿಂದ ಸಿಗುವುದು ಒಂದು ಫೋನ್ ಕರೆ ಮತ್ತು ಸಂದರ್ಶನದಲ್ಲಿ ಒಂದು ಪರಿಚಯದ ಮುಖ. ಹಾಗಾಗಿ ಪತ್ರದಲ್ಲಿ "ನನಗಾಗಿ ಜಾಗ ಕಾಯ್ದಿರಿಸಿ" ಅನ್ನುವ ಅರ್ಥ ಬರದಂತೆ ನೋಡಿಕೊಳ್ಳಿ.

ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಅದೇ ಪತ್ರದ ಫೋಟೋ ತೆಗೆದು ಕಾರ್ಯದರ್ಶಿಗಳಿಗೆ ವಾಟ್ಸಾಪ್ ಮಾಡಿದರೆ ಅಂಚೆ ಬರುವವರೆಗೆ ಅವರು ಕಾಯಬೇಕಾಗಿಲ್ಲ. ಮೂಲ ಅಂಕಪಟ್ಟಿ ಏನಾದರೂ ಅಲ್ಲೇ ಕೊಟ್ಟು ಬಂದಿದ್ದರೆ ಅದನ್ನು ಈ ಪತ್ರದಲ್ಲಿ ಸೇರಿಸಬೇಡಿ, ಫೋನಿನಲ್ಲಿ ಕೇಳಿ. ನಿಮ್ಮ ತಮ್ಮ ಊರಿಗೆ ಬಂದ ವಾರ ಕಾರ್ಯದರ್ಶಿಗಳಿಗೆ ಒಂದು ಫೋನ್ ಮಾಡಿ, ಅಮ್ಮ ಈಗ ಓಡಾಡುತ್ತಿದ್ದಾರೆ, ನಾನು ಈಗ ಬರಬಲ್ಲೆ ಅಂತ ಹೇಳಿ.