ಯಾವ ಮೂಲವೂ 7ನ್ನು ಮುಟ್ಟದು

«ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. z³ − 4z² + z + 6 = 0 ಸಮೀಕರಣವನ್ನು ಬಿಡಿಸದೆ, ಸಹಗುಣಕಗಳನ್ನಷ್ಟೇ ನೋಡಿ ಮೂಲಗಳು ಎಷ್ಟು ದೊಡ್ಡವಿರಬಹುದು ಎಂದು ಹೇಳಲಾದೀತೇ?»

ಧಾರಾಳವಾಗಿ ಹೇಳಬಹುದು. z ಮೂಲವಾಗಿದ್ದರೆ z³ = 4z² − z − 6 ಆಗಲೇಬೇಕು. |z| = r ಎಂದಿರಲಿ, r ≥ 7 ಎಂದುಕೊಳ್ಳೋಣ. ಬಲಬದಿಯಲ್ಲಿ ಚಿಹ್ನೆ ಬಿಟ್ಟು ನೋಡಿದರೆ ಅತಿ ದೊಡ್ಡ ಸಹಗುಣಕ 6. ತ್ರಿಭುಜ ಅಸಮಾನತೆಯ ಪ್ರಕಾರ ಆ ಬದಿಯ ಗಾತ್ರ 6(r² + r + 1) ಅನ್ನು ಮೀರದು. r − 1 ≥ 6 ಇರುವುದರಿಂದ ಇದು (r − 1)(r² + r + 1), ಅಂದರೆ r³ − 1 ಅನ್ನೂ ಮೀರದು. ಎಡಬದಿಯ ಗಾತ್ರವೋ ಪೂರ್ತಿ r³! ಎರಡೂ ಸಮವಾಗುವಂತಿಲ್ಲ. ಹಾಗಾಗಿ ಎಲ್ಲ ಮೂಲಗಳಿಗೂ |z| < 7. ಇದೇ ಕೋಶಿಯ ಮಿತಿ.

ಇಲ್ಲಿನ ಮೂಲಗಳು −1, 2, 3. ಮಿತಿ ಸಡಿಲವೇ, ಆದರೆ ಬಿಡಿಸದೆ ಸಿಕ್ಕಿತು. ಮೊದಲು ಅತ್ಯುನ್ನತ ಘಾತದ ಸಹಗುಣಕದಿಂದ ಭಾಗಿಸುವುದನ್ನು ಮಾತ್ರ ಮರೆಯಬೇಡಿ. 0.1z − 1 ರಲ್ಲಿ ಭಾಗಿಸದಿದ್ದರೆ ಮಿತಿ 2 ಎಂದು ಬರುತ್ತದೆ, ಮೂಲವೋ 10.