ಕೊಟ್ಟವನು ಕೋಡಂಗಿ ಆಗುವ ಮುನ್ನ

ಓದುಗರ ಪತ್ರ: ಮಾನ್ಯ ಸಂಪಾದಕರೇ, ನಾನು ಪ್ರೌಢಶಾಲೆಯ ಶಿಕ್ಷಕ. ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯನೊಬ್ಬನಿಗೆ ಎರಡು ಎಕರೆ ಅಡಿಕೆ ತೋಟವಿದೆ. ಮೂರು ವರ್ಷದಿಂದ ಅವನು ದುಡ್ಡು ಕೇಳುತ್ತಲೇ ಇದ್ದಾನೆ, ನಾನು ಕೊಡುತ್ತಲೇ ಇದ್ದೇನೆ. ಲೆಕ್ಕವನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಈಗ ಸೊಸೈಟಿಯ ಎರಡು ಲಕ್ಷದ ಸಾಲಕ್ಕೆ ಜಾಮೀನು ನಿಲ್ಲು ಎನ್ನುತ್ತಿದ್ದಾನೆ. ಅರ್ಜಿ ನನ್ನ ಚೀಲದಲ್ಲೇ ಇದೆ. ಹೆಂಡತಿ ಮಾತು ಬಿಟ್ಟಿದ್ದಾಳೆ. ಸ್ನೇಹ ಕೆಡದಂತೆ ‘ಇಲ್ಲ’ ಎನ್ನುವುದು ಹೇಗೆ? — ಹೆಸರು ಬೇಡ, ಹೊಸನಗರ ತಾಲ್ಲೂಕು.

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರಕ್ಕಿಂತ ನೀವು ಜೊತೆಗಿಟ್ಟ ಆ ಹಾಳೆಯೇ ನನಗೆ ಹೆಚ್ಚು ಹೇಳಿತು. ಮೊದಲ ಸಲ 5,000 ಕೊಟ್ಟಿರಿ. ಎರಡು ತಿಂಗಳಲ್ಲಿ ಪೂರ್ತಿ ಬಂತು. ಆಮೇಲೆ 8,000. ಅದರಲ್ಲಿ 4,000 ವಾಪಸ್ ಬಂದ ವಾರದಲ್ಲೇ 15,000 ಹೋಯಿತು. ಬಳಿಕ 20,000. ಅದಾದ ಮೇಲೆ 5,000 ಬಂತು, ಐದನೇ ದಿನಕ್ಕೆ 30,000 ಹೋಯಿತು. ಒಟ್ಟು 78,000 ಹೋಗಿ 14,000 ಬಂದಿದೆ, 64,000 ಅಲ್ಲೇ ಉಳಿದಿದೆ. ನೀವು ಬದಿಯಲ್ಲಿ ‘ಆಗಾಗ ಕೊಡುತ್ತಾನೆ, ಪೂರ್ತಿ ಮೋಸಗಾರನಲ್ಲ’ ಎಂದು ಬರೆದಿದ್ದೀರಿ. ಅವನು ಮೋಸಗಾರ ಎಂದು ನಾನೂ ಹೇಳುವುದಿಲ್ಲ. ಆದರೆ ಹಣ ಯಾವಾಗ ಬಂತು ಎಂಬುದನ್ನು ನೋಡಿ. ಮೊದಲನೆಯದನ್ನು ಬಿಟ್ಟರೆ, ಬಂದ ಪ್ರತಿ ಸಣ್ಣ ಮೊತ್ತದ ಬೆನ್ನಿಗೇ ದೊಡ್ಡ ಮೊತ್ತವೊಂದು ಹೋಗಿದೆ. ಅದನ್ನು ಸಾಲ ತೀರಿಸುವುದು ಎನ್ನಲಾಗದು. ಮುಂದಿನ ಸಾಲಕ್ಕೆ ಕೊಟ್ಟ ಮುಂಗಡ ಎನ್ನಬೇಕು. ಅವನು ಲೆಕ್ಕ ಹಾಕಿಯೇ ಹೀಗೆ ಮಾಡಿದ ಎಂದೇನೂ ಅಲ್ಲ. ಕೈಯಲ್ಲಿ ನಾಲ್ಕು ಕಾಸು ಬಂದಾಗ ಮಾತ್ರ ನಿಮ್ಮ ಮುಖ ನೋಡುವ ಧೈರ್ಯ ಬರುತ್ತದೆ, ಮುಖ ನೋಡಿದ ಮೇಲೆ ಮತ್ತೆ ಕೇಳುವ ಧೈರ್ಯವೂ ಬರುತ್ತದೆ.

ಅವನ ಪರವಾಗಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಅಡಿಕೆಯವನ ಕಷ್ಟ ಸುಳ್ಳಲ್ಲ. ಮಳೆ ಹಿಡಿಯುವ ಮುನ್ನ ಕೊಳೆಗೆ ಔಷಧಿ ಹೊಡೆಸಬೇಕು, ನಡುವೆ ಇನ್ನೊಮ್ಮೆ ಹೊಡೆಸಬೇಕು. ಮೈಲುತುತ್ತ, ಸುಣ್ಣ, ಕೊನೆಗೌಡನ ಕೂಲಿ ಎಲ್ಲವೂ ಕೈ ಖಾಲಿಯಿರುವ ತಿಂಗಳುಗಳಲ್ಲೇ ಬರುತ್ತವೆ. ದುಡ್ಡು ಕಾಣುವುದು ಕೊಯ್ಲು ಮುಗಿದು, ಸುಲಿದು, ಒಣಗಿಸಿ, ಮಂಡಿಗೆ ಹಾಕಿದ ಮೇಲೆ. ನಮ್ಮ ಕಡೆ ಕೈಗಡ ಎಂಬ ಒಳ್ಳೆಯ ಪದ್ಧತಿ ಹುಟ್ಟಿದ್ದೇ ಈ ಅಂತರವನ್ನು ದಾಟಲಿಕ್ಕೆ. ಬಡ್ಡಿಯಿಲ್ಲ, ಪತ್ರವಿಲ್ಲ, ‘ಅಡಿಕೆ ಮಾರಿದ ಕೂಡಲೇ’ ಎಂಬ ಗಡುವು ಮಾತ್ರ ಇತ್ತು, ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡಿರುತ್ತಿದ್ದರು. ನಿಮ್ಮ ಗೆಳೆಯನ ಮೊದಲ ಐದು ಸಾವಿರ ಅಂಥದ್ದು. ಉಳಿದ ಯಾವುದಕ್ಕೂ ಗಡುವೇ ಇಲ್ಲ. ಮೂರು ಕೊಯ್ಲು ಕಳೆದ ಮೇಲೂ ತೀರದ್ದನ್ನು ಕೈಗಡ ಎಂದು ಕರೆಯುತ್ತಾ ಹೋದರೆ ಆ ಪದಕ್ಕೇ ಅವಮಾನ.

ಇನ್ನೊಂದು ಅನುಮಾನವೂ ನನಗಿದೆ. ನಮ್ಮ ರಾಜ್ಯದ ಪ್ರಾಥಮಿಕ ಸಹಕಾರ ಸಂಘಗಳಲ್ಲಿ ರೈತನಿಗೆ ಒಂದು ಮಿತಿಯವರೆಗೆ ಬಡ್ಡಿಯಿಲ್ಲದ ಬೆಳೆಸಾಲ ಸಿಗುತ್ತದೆ, ಹೇಳಿದ ದಿನಕ್ಕೆ ಕಟ್ಟಿದರೆ ಸಾಕು. ಪಹಣಿಯಲ್ಲಿ ಎರಡು ಎಕರೆ ತೋಟವಿರುವವನು ಆ ಬಾಗಿಲು ಬಿಟ್ಟು ಸಂಬಳದ ಗೆಳೆಯನ ಬಾಗಿಲನ್ನೇ ಏಕೆ ತಟ್ಟುತ್ತಾನೆ? ಅಲ್ಲಿ ಹಳೆಯ ಬಾಕಿಯಿರಬಹುದು ಅಥವಾ ಮನೆಯವರಿಗೆ ತಿಳಿಯಬಾರದ ಖರ್ಚಿರಬಹುದು. ಒಸಿ, ಇಸ್ಪೀಟು, ಮೊಬೈಲಿನ ಆಟ ಎಂದು ನಾನು ಆರೋಪಿಸುತ್ತಿಲ್ಲ. ಆದರೆ ಕೊನೆಯ ಎರಡು ಬೇಡಿಕೆಗಳು ರಾತ್ರಿ ಹತ್ತರ ಮೇಲೆ ಬಂದವು ಎಂದು ನೀವೇ ಬರೆದಿದ್ದೀರಿ. ಕೊಳೆ ಔಷಧಿಯ ಅಂಗಡಿ ಆ ಹೊತ್ತಿಗೆ ತೆರೆದಿರುವುದಿಲ್ಲ. ಜಾಮೀನಿನ ಮಾತಿಗೆ ಮೊದಲು ‘ಸೊಸೈಟಿಯಲ್ಲಿ ನಿನ್ನ ಹಳೆಯ ಬಾಕಿ ಎಷ್ಟು?’ ಎಂದು ಒಮ್ಮೆ ಕೇಳಿ. ಉತ್ತರ ತಡವಾದರೆ ಅದೇ ಉತ್ತರ.

ಈಗ ನಿಮ್ಮ ಮೇಲೆ ಸ್ವಲ್ಪ ಸಿಟ್ಟಾಗುತ್ತೇನೆ, ಕ್ಷಮಿಸಿ. ಪ್ರತಿ ಸಲವೂ ‘ಇಲ್ಲ ಎನ್ನಲು ಪ್ರಯತ್ನಿಸಿದೆ’ ಎಂದು ಬರೆದಿದ್ದೀರಿ. ಆದರೆ ನೀವು ಹೇಳಿದ ಮಾತುಗಳು ಯಾವುವು? ‘ಈ ತಿಂಗಳು ಕಷ್ಟ’, ‘ಮಗಳ ಫೀಸು ಕಟ್ಟಬೇಕು’, ‘ಹಳೆಯದನ್ನು ಸ್ವಲ್ಪ ಕೊಡು, ಆಮೇಲೆ ನೋಡೋಣ’. ಇವುಗಳಲ್ಲಿ ‘ಇಲ್ಲ’ ಎಂಬುದು ಒಂದೂ ಇಲ್ಲ. ಈ ತಿಂಗಳು ಕಷ್ಟ ಎಂದರೆ ಮುಂದಿನ ತಿಂಗಳು ಬಾ ಎಂದರ್ಥ. ಫೀಸಿನ ಕಾರಣ ಹೇಳಿದಿರಿ, ಫೀಸು ಕಟ್ಟಿದ ಮಾರನೇ ದಿನ ಅವನು ಹಾಜರಾದ. ಮೂರನೆಯದಂತೂ ಎಲ್ಲಕ್ಕಿಂತ ಕೆಟ್ಟದ್ದು. ನಾಲ್ಕು ಸಾವಿರ ತಂದಿಟ್ಟು ಹದಿನೈದು ಸಾವಿರ ಒಯ್ಯುವ ದಾರಿಯನ್ನು ಅವನಿಗೆ ತೋರಿಸಿಕೊಟ್ಟವರು ನೀವೇ. ಕಾರಣ ಹೇಳಿದ ಕೂಡಲೇ ಎದುರಿನವನಿಗೆ ಅದನ್ನು ಪರಿಹರಿಸುವ ಹಕ್ಕು ಬಂದುಬಿಡುತ್ತದೆ. ಕಾರಣವಿಲ್ಲದ ‘ಇಲ್ಲ’ದ ಜೊತೆ ಚರ್ಚೆ ಮಾಡಲಾಗುವುದಿಲ್ಲ.

ತೀರ್ಥಹಳ್ಳಿ ಕಡೆಯ ನನ್ನ ಅಜ್ಜಿಯ ಮನೆಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಆಷಾಢದಲ್ಲಿ ಕೇರಿಯವರು ಹಿಂಬಾಗಿಲಿಗೆ ಬರುತ್ತಿದ್ದರು. ಅಜ್ಜಿ ಕಣಜದಿಂದ ಅಕ್ಕಿಯನ್ನು ಕೊಳಗದಲ್ಲಿ ಅಳೆದು, ಮೇಲೊಂದು ಬೊಗಸೆ ಸುರಿದು, ಕಟ್ಟಿ ಕೊಡುತ್ತಿದ್ದಳು. ವಾಪಸ್ ಕೇಳಿದ್ದನ್ನು ನಾನು ಕಾಣೆ. ಆದರೆ ದುಡ್ಡು ಕೇಳಿದರೆ ‘ಅಕ್ಕಿ ಕೇಳು, ಕೊಡ್ತೀನಿ. ದುಡ್ಡು ಈ ಮನೆಯಿಂದ ಯಾರಿಗೂ ಇಲ್ಲ’ ಎನ್ನುತ್ತಿದ್ದಳು. ತಮ್ಮನಿಗೂ ಅದೇ ಮಾತು, ಆಳಿಗೂ ಅದೇ ಮಾತು. ಯಾರೂ ಮುನಿಸಿಕೊಂಡಿದ್ದು ನನಗೆ ನೆನಪಿಲ್ಲ, ಏಕೆಂದರೆ ಆ ‘ಇಲ್ಲ’ ಕೇಳಿದವನನ್ನು ನೋಡಿ ಹೇಳಿದ್ದಾಗಿರಲಿಲ್ಲ. ಅವನು ಬರುವ ಮೊದಲೇ ಆ ಮನೆಯಲ್ಲಿತ್ತು. ಕೇಳಿದವನಿಗೆ ನೋವಾಗುವುದು ‘ನಿನಗೆ ಕೊಡುವುದಿಲ್ಲ’ ಎಂದಾಗ. ‘ನಾನು ಕೊಡುವವನಲ್ಲ’ ಎನ್ನುವುದು ಬೇರೆ ಮಾತು.

ಅಜ್ಜಿಯ ಬುದ್ಧಿ ನನಗೆ ಬರಲಿಲ್ಲ. ಕಾಲೇಜಿನ ಗೆಳೆಯನೊಬ್ಬನಿಗೆ ದಾಕ್ಷಿಣ್ಯಕ್ಕೆ ಬಿದ್ದು ಮೂರು ಸಲ ಕೊಟ್ಟೆ, ನಾಲ್ಕನೆಯ ಸಲ ಫೋನು ಎತ್ತುವುದನ್ನು ಬಿಟ್ಟೆ. ಒಂದು ವರ್ಷದ ಮೇಲೆ ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರದ ಹೋಟೆಲಿಗೆ ಹೋದಾಗ ಅವನು ಮೂಲೆಯ ಮೇಜಿನಲ್ಲಿ ದೋಸೆ ತಿನ್ನುತ್ತಿದ್ದ. ನನ್ನನ್ನು ನೋಡಿದವನೇ ಕೈ ತೊಳೆಯುವ ನೆಪದಲ್ಲಿ ಎದ್ದು, ಹಿಂದಿನ ಬಾಗಿಲಿನಿಂದ ಹೊರಟುಹೋದ. ಅರ್ಧ ದೋಸೆ ತಟ್ಟೆಯಲ್ಲೇ ಇತ್ತು, ಕಾಫಿ ಆಗಷ್ಟೇ ಬಂದಿತ್ತು. ಮಾಣಿ ಬಿಲ್ಲಿಗೆ ನನ್ನ ಮುಖ ನೋಡಿದ. ಅದನ್ನೂ ನಾನೇ ಕೊಟ್ಟೆ. ಸ್ನೇಹ ಕೆಟ್ಟದ್ದು ನಾನು ‘ಇಲ್ಲ’ ಎಂದದ್ದರಿಂದಲ್ಲ. ಹೇಳಬೇಕಾದಾಗ ಹೇಳದೆ, ಕೊಟ್ಟು, ಆಮೇಲೆ ಮುಖ ತಪ್ಪಿಸಿಕೊಂಡದ್ದರಿಂದ. ಹಿಂದೆಲ್ಲ ಕೇಳುವವನು ಗುಡ್ಡ ಹತ್ತಿ ಮನೆಗೆ ಬರಬೇಕಿತ್ತು, ಕೊಡುವವನು ಪೇಟೆಯ ಬ್ಯಾಂಕಿಗೆ ಹೋಗಿ ಬರಬೇಕಿತ್ತು. ನಡುವೆ ಒಂದು ರಾತ್ರಿಯಾದರೂ ಯೋಚನೆಗೆ ಸಿಗುತ್ತಿತ್ತು. ಈಗ ಹಾಸಿಗೆಯಲ್ಲಿ ಮಲಗಿಕೊಂಡೇ ಕೇಳಬಹುದು, ಮಲಗಿಕೊಂಡೇ ಕೊಡಬಹುದು. ಫೋನಿನಲ್ಲಿ ದುಡ್ಡು ಕಳಿಸುವ ಸೌಕರ್ಯವನ್ನು ಎಲ್ಲರೂ ಹೊಗಳುತ್ತಾರೆ. ದಾಕ್ಷಿಣ್ಯದ ಜನಕ್ಕೆ ಅದು ಎಂಥ ಉರುಳು ಎಂದು ಯಾರೂ ಬರೆಯುವುದಿಲ್ಲ.

ಇನ್ನು ಮಾಡಬೇಕಾದದ್ದು. ಮಾತಾಡುವುದು ಎದುರಾಬದುರು ಆಗಬೇಕು, ಅವನ ಹೆಂಡತಿ ಮಕ್ಕಳ ಮುಂದೆ ಬೇಡ, ಅವನು ಕೇಳಿದ ಕ್ಷಣದಲ್ಲೂ ಬೇಡ. ನೀವಾಗಿಯೇ ಒಂದು ಭಾನುವಾರ ಹೋಗಿ ಹೀಗೆ ಹೇಳಿ: ‘ಮಾರಾಯ, ಇನ್ನು ಮೇಲೆ ಸ್ನೇಹಿತರ ಜೊತೆ ದುಡ್ಡಿನ ವ್ಯವಹಾರ ಇಟ್ಟುಕೊಳ್ಳುವುದಿಲ್ಲ ಅಂತ ತೀರ್ಮಾನ ಮಾಡಿದ್ದೇನೆ. ಕೈಗಡವೂ ಇಲ್ಲ, ಜಾಮೀನೂ ಇಲ್ಲ.’ ಅಷ್ಟೇ. ಹೆಂಡತಿ ಬೇಡ ಎನ್ನುತ್ತಾಳೆ ಎಂದು ಮಾತ್ರ ಹೇಳಬೇಡಿ. ಅವರನ್ನು ಕೆಟ್ಟವರನ್ನಾಗಿಸಿ ನೀವು ಒಳ್ಳೆಯವರಾಗುವ ಆ ದಾರಿ ನಮ್ಮ ಗಂಡಸರಿಗೆ ಬಹಳ ಪ್ರಿಯ. ಅವನು ‘ಇಷ್ಟೇನಾ ನಮ್ಮ ಸ್ನೇಹ?’ ಎನ್ನುತ್ತಾನೆ. ಆಮೇಲೆ ಮೊತ್ತ ಇಳಿಸುತ್ತಾನೆ, ಎರಡು ಸಾವಿರವಾದರೂ ಕೊಡು ಎನ್ನುತ್ತಾನೆ. ಪ್ರತಿ ಸಲವೂ ಅದೇ ವಾಕ್ಯವನ್ನು ಹೇಳಿ, ಹೊಸ ಪದ ಸೇರಿಸಬೇಡಿ. ಮೊದಲ ಕೆಲವು ವಾರ ಕೇಳುವುದು ಕಡಿಮೆಯಾಗದೆ ಹೆಚ್ಚಾದೀತು. ಐದನೇ ಸಲಕ್ಕೆ ನೀವು ಸೋತರೆ, ಐದು ಸಲ ಕೇಳಬೇಕು ಎಂಬ ಪಾಠವನ್ನಷ್ಟೇ ಅವನು ಕಲಿಯುತ್ತಾನೆ. ನಿಜವಾಗಿ ಆಸ್ಪತ್ರೆಯ ಖರ್ಚು ಬಂದರೆ ಕೌಂಟರಿಗೆ ಹೋಗಿ ನೀವೇ ಬಿಲ್ಲು ಕಟ್ಟಿ, ಕೊಟ್ಟದ್ದನ್ನು ಮರೆತುಬಿಡಿ. ಅದು ಅಜ್ಜಿಯ ಅಕ್ಕಿ.

ಹಳೆಯ 64,000ವನ್ನು ಈ ಮಾತಿನೊಳಗೆ ತರಬೇಡಿ, ಅದರ ದಾರಿ ಬೇರೆ. ಪತ್ರವಿಲ್ಲದ ಕೈಸಾಲಕ್ಕೂ ಕಾಲಮಿತಿ ಕಾಯಿದೆಯಂತೆ ಕೊಟ್ಟ ದಿನದಿಂದ ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹೂಡಬೇಕು, ಪ್ರತಿ ಮೊತ್ತಕ್ಕೂ ಅದರದೇ ಲೆಕ್ಕ. ಆ ಅವಧಿ ಮುಗಿಯುವ ಮೊದಲು ‘ಇಷ್ಟು ಬಾಕಿ ಕೊಡಬೇಕಿದೆ’ ಎಂದು ಅವನು ಬರೆದು, ತಾರೀಖು ಹಾಕಿ, ಸಹಿ ಮಾಡಿದರೆ ಅಲ್ಲಿಂದ ಹೊಸ ಮೂರು ವರ್ಷ ಶುರುವಾಗುತ್ತದೆ. ನಿಮ್ಮ ಹಾಳೆಯ ಪ್ರಕಾರ ಆ 8,000 ಕೊಟ್ಟು 2 ವರ್ಷ 9 ತಿಂಗಳಾಗಿದೆ. ಬೇಕೆಂದರೆ ಈ ಮೂರು ತಿಂಗಳಲ್ಲಿ ಆ ಚೀಟಿ ಬರೆಸಿಕೊಳ್ಳಿ, ಬೇಡವೆಂದರೆ ಮನಸ್ಸಿನಲ್ಲೇ ಬಿಟ್ಟುಬಿಡಿ. ಎರಡೂ ಮಾಡದೆ ಕೊರಗುವುದನ್ನು ನಾನು ಒಪ್ಪುವುದಿಲ್ಲ.

ಜಾಮೀನಿನ ವಿಷಯದಲ್ಲಿ ಮಾತ್ರ ಬಿಡುವ ಪ್ರಶ್ನೆಯೇ ಇಲ್ಲ. 1872ರ ಕರಾರು ಕಾಯಿದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ಹೇಳದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಸೊಸೈಟಿಯವರು ಮೊದಲು ತೋಟದ ಮೇಲೆ ಹೋಗಿ, ಅಲ್ಲಿ ಸಿಗದಿದ್ದರೆ ಮಾತ್ರ ನಿಮ್ಮ ಬಳಿ ಬರುತ್ತಾರೆ ಎಂಬ ನಿಮ್ಮ ನಂಬಿಕೆ ತಪ್ಪು. ನೇರವಾಗಿ ನಿಮ್ಮ ಬಳಿಗೇ ಬರಬಹುದು. ತಿಂಗಳ ಸಂಬಳದವನು ಸುಲಭವಾಗಿ ಸಿಗುತ್ತಾನೆ, ಜಾಮೀನಿಗೆ ನಿಮ್ಮನ್ನೇ ಆರಿಸಿದ್ದೂ ಅದಕ್ಕೇ. ಆ ಅರ್ಜಿಯನ್ನು ಭಾನುವಾರ ಹೋಗುವಾಗ ಕೈಯಲ್ಲೇ ಹಿಡಿದುಕೊಂಡು ಹೋಗಿ ವಾಪಸ್ ಕೊಡಿ. ಸಂಬಳದ ಪ್ರಮಾಣಪತ್ರ ಲಗತ್ತಿಸಿದ್ದರೆ ಅದನ್ನು ಮೊದಲು ತೆಗೆದಿಟ್ಟುಕೊಳ್ಳಿ, ಅಂಟಿಸಿದ ಫೋಟೋವನ್ನೂ ಕಿತ್ತುಕೊಳ್ಳಿ.