ಉಪ್ಪು ಜಗ್ಗದು, ಮೊಬೈಲ್ ನಿಲ್ಲದು

ಪ್ರಶ್ನೆ: ಗೋಣಿಕೊಪ್ಪದಲ್ಲಿ ನಮ್ಮದು ದಿನಸಿ ಅಂಗಡಿ. ಒಂದು ಬದಿಯಲ್ಲಿ ಮಗ ಮೊಬೈಲ್ ಮಾರುತ್ತಾನೆ. ಬೇಸಿಗೆಯಲ್ಲಿ ಎರಡರ ಬೆಲೆಯೂ ಏರಿತು. ಉಪ್ಪಿನ ಪ್ಯಾಕೆಟ್ 25 ರೂಪಾಯಿಂದ 28ಕ್ಕೆ, ಹೆಚ್ಚು ಹೋಗುವ ಒಂದು ಫೋನ್ 12,000ದಿಂದ 13,200ಕ್ಕೆ. ಫೆಬ್ರವರಿಯಲ್ಲಿ 200 ಪ್ಯಾಕೆಟ್ ಉಪ್ಪು ಹೋಗಿತ್ತು, ಜೂನ್‌ನಲ್ಲಿ 198. ಫೋನ್ ಮಾತ್ರ 20ರಿಂದ 12ಕ್ಕೆ ಬಿತ್ತು. ಕಳೆದ ವರ್ಷ ಜೂನ್‌ನಲ್ಲಿ ಹಳೆಯ ಬೆಲೆಗೆ 202 ಪ್ಯಾಕೆಟ್, 16 ಫೋನ್ ಹೋಗಿದ್ದವು. ಶೇಕಡಾವಾರು ನೋಡಿದರೆ ಉಪ್ಪಿನ ಬೆಲೆಯೇ ಹೆಚ್ಚು ಏರಿದೆಯಲ್ಲ, ಹೀಗೇಕೆ? ಹುತ್ತರಿಗೆ ಎರಡರ ಮೇಲೂ ರಿಯಾಯಿತಿ ಕೊಡಬಹುದೇ?

ಉತ್ತರ: ಕಳೆದ ವರ್ಷದ ಲೆಕ್ಕವನ್ನೂ ಬರೆದು ಕಳುಹಿಸಿದ್ದಕ್ಕೆ ನಿಮಗೆ ವಿಶೇಷ ವಂದನೆ. ಅದಿಲ್ಲದಿದ್ದರೆ ನಾನು ತಪ್ಪು ಉತ್ತರ ಕೊಡುವ ಸಾಧ್ಯತೆಯಿತ್ತು.

ಅರ್ಥಶಾಸ್ತ್ರದಲ್ಲಿ ಇದಕ್ಕೆ ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ ಎನ್ನುತ್ತಾರೆ. ಆಲ್ಫ್ರೆಡ್ ಮಾರ್ಷಲ್ 1890ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಅಳತೆ ಬಳಕೆಗೆ ಬಂತು. ಲೆಕ್ಕ ಸರಳ: ಮಾರಾಟ ಶೇಕಡಾ ಎಷ್ಟು ಬದಲಾಯಿತು ಎಂಬುದನ್ನು ಬೆಲೆ ಶೇಕಡಾ ಎಷ್ಟು ಬದಲಾಯಿತು ಎಂಬುದರಿಂದ ಭಾಗಿಸಬೇಕು. ಬಂದ ಸಂಖ್ಯೆ ಒಂದಕ್ಕಿಂತ ಕಡಿಮೆಯಿದ್ದರೆ ಬೇಡಿಕೆ ಬೆಲೆಗೆ ಅಷ್ಟಾಗಿ ಜಗ್ಗುವುದಿಲ್ಲ. ಒಂದಕ್ಕಿಂತ ಹೆಚ್ಚಾದರೆ ಬೆಲೆಗಿಂತ ಜೋರಾಗಿ ಅಲುಗಾಡುತ್ತದೆ.

ಆದರೆ ಯಾವ ತಿಂಗಳನ್ನು ಯಾವುದರ ಜೊತೆ ಹೋಲಿಸುತ್ತೀರಿ ಎಂಬಲ್ಲೇ ಎಡವುವವರು ಹೆಚ್ಚು. ಫೆಬ್ರವರಿಗೂ ಜೂನ್‌ಗೂ ಹೋಲಿಸಿದರೆ ನಿಮ್ಮ ಫೋನ್ ಮಾರಾಟ ಶೇ 40ರಷ್ಟು ಬಿದ್ದಿದೆ. ಬೆಲೆ ಏರಿದ್ದು ಶೇ 10. ಅಂದರೆ ಸ್ಥಿತಿಸ್ಥಾಪಕತ್ವ 4 ಎಂದು ಬರೆದುಬಿಡಬಹುದು. ಹಾಗೆ ಬರೆದರೆ ತಪ್ಪಾಗುತ್ತದೆ. ಫೆಬ್ರವರಿಯಲ್ಲಿ ಕೊಡಗಿನಲ್ಲಿ ಕಾಫಿ ಕೊಯ್ಲಿನ ಹಣ ಕೈಯಲ್ಲಿ ಓಡಾಡುತ್ತಿರುತ್ತದೆ. ಜೂನ್‌ನಲ್ಲಿ ಮಳೆ ಹಿಡಿದು ತೋಟದ ಕೆಲಸವೂ ಕೈಯ ಕಾಸೂ ಕಡಿಮೆ. ಬೆಲೆ ಏರದಿದ್ದರೂ ಜೂನ್‌ನಲ್ಲಿ ಫೋನ್ ಕಡಿಮೆಯೇ ಹೋಗುತ್ತದೆ. ಹಳೆಯ ಬೆಲೆಗೇ 16 ಹೋಗಿದ್ದು ಅದನ್ನೇ ಹೇಳುತ್ತದೆ. ಆದ್ದರಿಂದ ಬೆಲೆಯ ತಲೆಗೆ ಕಟ್ಟಬೇಕಾದ್ದು 16ರಿಂದ 12ಕ್ಕೆ ಆದ ಇಳಿಕೆ ಮಾತ್ರ, ಅಂದರೆ ಶೇ 25. ಅದನ್ನು 10ರಿಂದ ಭಾಗಿಸಿದರೆ 2.5. ಈ ವರ್ಷದ ಕೊಯ್ಲಿನ ಆದಾಯ ಕಳೆದ ವರ್ಷಕ್ಕಿಂತ ತೀರ ಬೇರೆಯಾಗಿದ್ದರೆ ಇದೂ ಸ್ವಲ್ಪ ಹೆಚ್ಚು ಕಡಿಮೆಯಾಗಬಹುದು, ಆದರೂ 4ಕ್ಕಿಂತ ಸತ್ಯಕ್ಕೆ ಹತ್ತಿರ.

ಉಪ್ಪಿನಲ್ಲಿ ಇದೇ ಮೋಸ ಬೇರೆ ದಿಕ್ಕಿನಲ್ಲಿ ಆಗಿದೆ. ಮಳೆ ಬಿದ್ದು ಜಿಗಣೆ ಎದ್ದರೆ ತೋಟಕ್ಕೆ ಹೋಗುವವರು ಬಟ್ಟೆಯಲ್ಲಿ ಉಪ್ಪು ಕಟ್ಟಿಕೊಳ್ಳುತ್ತಾರೆ. ಜೂನ್‌ನಲ್ಲಿ ಉಪ್ಪು ಒಂದಿಷ್ಟು ಹೆಚ್ಚು ಹೋಗುವುದು ಸಹಜ. ಹಾಗಾಗಿ 202ರಿಂದ 198ಕ್ಕೆ ಎಂದು ಹಿಡಿಯಬೇಕು: ಮಾರಾಟದ ಇಳಿಕೆ ಸುಮಾರು ಶೇ 2, ಬೆಲೆಯ ಏರಿಕೆ ಶೇ 12, ಉತ್ತರ ಸುಮಾರು 0.17.

ದೇಶದ ಮಟ್ಟದಲ್ಲೂ ಇಂಥ ಬಲೆಗಳಿವೆ. 2020ರ ಏಪ್ರಿಲ್ 1ರಿಂದ ಮೊಬೈಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿತು. ಆ ತಿಂಗಳ ಮಾರಾಟ ನೋಡಿ ಯಾರಾದರೂ ತೆರಿಗೆಯ ಪರಿಣಾಮ ಲೆಕ್ಕ ಹಾಕಿದರೆ ನಗಬೇಕಷ್ಟೆ, ಲಾಕ್‌ಡೌನ್‌ನಲ್ಲಿ ಅಂಗಡಿಗಳೇ ಮುಚ್ಚಿದ್ದವು.

ಇನ್ನು, ಹೀಗೇಕೆ ಎಂಬುದು. ಉಪ್ಪು ಅಗತ್ಯ ವಸ್ತು, ಫೋನ್ ಶೋಕಿ ಎಂದು ಪಠ್ಯಪುಸ್ತಕದ ಧಾಟಿಯಲ್ಲಿ ಹೇಳಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಕೂಲಿಯೂ ಅಂಗಡಿಯ ಬಾಕಿಯೂ ಮೊಬೈಲ್ ಮೂಲಕವೇ ಸಲ್ಲುವ ಕಾಲದಲ್ಲಿ ಫೋನ್ ಶೋಕಿ ಎನ್ನುವವರಾರು? ವ್ಯತ್ಯಾಸ ಬೇರೆ ಕಡೆ ಇದೆ. ಉಪ್ಪಿನ ಬದಲಿಗೆ ಸಾರಿಗೆ ಹಾಕಲು ಬೇರೇನೂ ಇಲ್ಲ. ಫೋನಿಗೆ ಬದಲಿ ಇದೆ: ಅದೇ ಕಪಾಟಿನಲ್ಲಿ ಇನ್ನೊಂದು ಕಂಪನಿಯದು, ಪಕ್ಕದ ಬೀದಿಯಲ್ಲಿ ಬಳಸಿದ ಫೋನ್, ಆನ್‌ಲೈನ್ ಮಾರಾಟ, ಎಲ್ಲಕ್ಕಿಂತ ಮಿಗಿಲಾಗಿ ಜೇಬಿನಲ್ಲಿರುವ ಹಳೆಯ ಫೋನ್. ಗಾಜು ಒಡೆದಿದ್ದರೂ ಅದು ಇನ್ನಾರು ತಿಂಗಳು ನಡೆಯುತ್ತದೆ. ಉಪ್ಪಿನ ಡಬ್ಬ ಖಾಲಿಯಾದರೆ ರಾತ್ರಿಯ ಅಡುಗೆಗೇ ಬೇಕು.

ಎರಡನೆಯದು ಸಂಸಾರದ ಖರ್ಚಿನಲ್ಲಿ ಅದರ ಪಾಲು. ಒಬ್ಬರಿಗೆ ದಿನಕ್ಕೆ 10 ಗ್ರಾಂ ಎಂದು ಹಿಡಿದರೂ ನಾಲ್ಕು ಜನರ ಮನೆಗೆ ತಿಂಗಳಿಗೆ 1.2 ಕಿಲೋ ಉಪ್ಪು ಸಾಕು. ನಿಮ್ಮದು ಒಂದು ಕಿಲೋ ಪ್ಯಾಕೆಟ್ ಎಂದುಕೊಂಡರೆ ಆ ಮನೆಗೆ ಹೆಚ್ಚಿದ ಹೊರೆ ತಿಂಗಳಿಗೆ ನಾಲ್ಕು ರೂಪಾಯಿಯೂ ಇಲ್ಲ. ಹಲವರು ಬೆಲೆ ಏರಿದ್ದನ್ನೇ ಗಮನಿಸಿರಲಿಕ್ಕಿಲ್ಲ. ಫೋನಿನ 1,200 ರೂಪಾಯಿ ತೋಟದಲ್ಲಿ ದುಡಿಯುವವರಿಗೆ ಎರಡು ಮೂರು ದಿನಗಳ ಕೂಲಿ, ಅದೂ ಒಂದೇ ಸಲಕ್ಕೆ ಎಣಿಸಿಕೊಡಬೇಕು.

ಬೆಲೆಗೆ ಜಗ್ಗದ ಬೇಡಿಕೆ ಸರ್ಕಾರಗಳಿಗೂ ಹಿತವೇ. ಬ್ರಿಟಿಷರು ಉಪ್ಪಿನ ತೆರಿಗೆಗೆ ಅಂಟಿಕೊಂಡಿದ್ದರಲ್ಲಿ ಈ ತರ್ಕವಿತ್ತು: ಬಡವನೂ ಕೊಳ್ಳುವುದನ್ನು ಬಿಡಲಾರ, ವಸೂಲಿ ನಿಲ್ಲದು. 1930ರಲ್ಲಿ ಗಾಂಧೀಜಿ ದಂಡಿಗೆ ನಡೆದದ್ದಕ್ಕೂ ಅದೇ ಕಾರಣ, ತೆರಿಗೆ ತಟ್ಟದ ಮನೆಯೇ ಇರಲಿಲ್ಲ.

ಒಂದು ಎಚ್ಚರಿಕೆ. ಜಗ್ಗದಿರುವುದು ಒಟ್ಟು ಉಪ್ಪು, ಒಂದು ಕಂಪನಿಯ ಉಪ್ಪಲ್ಲ. ನಿಮ್ಮಲ್ಲಿ ಎಲ್ಲ ಕಂಪನಿಗಳ ಬೆಲೆಯೂ ಒಟ್ಟಿಗೆ ಏರಿದ್ದರಿಂದ 0.17 ಬಂದಿದೆ. ಒಂದೇ ಕಂಪನಿ ಮೂರು ರೂಪಾಯಿ ಏರಿಸಿದ್ದರೆ ಗ್ರಾಹಕರು ಪಕ್ಕದ ಪ್ಯಾಕೆಟ್‌ಗೆ ಕೈ ಹಾಕುತ್ತಿದ್ದರು. ನೀವೊಬ್ಬರೇ ಏರಿಸಿದ್ದರೆ ಎದುರಿನ ಅಂಗಡಿಗೆ ಹೋಗುತ್ತಿದ್ದರು. ಫೋನಿನ 2.5 ಕೂಡ ಒಂದು ಮಾದರಿಯದು. ಒಟ್ಟಾರೆ ಸ್ಮಾರ್ಟ್‌ಫೋನ್‌ಗಳ ಬೇಡಿಕೆ ಇದಕ್ಕಿಂತ ಗಟ್ಟಿಯಾಗಿರುತ್ತದೆ. ಆ ನಾಲ್ಕು ಗ್ರಾಹಕರಲ್ಲಿ ಕೆಲವರು ನಿಮ್ಮಲ್ಲೇ ಬೇರೆ ಫೋನ್ ಕೊಂಡಿರಬಹುದು, ಮಗನ ಬಿಲ್ ಪುಸ್ತಕ ತಿರುವಿದರೆ ಗೊತ್ತಾಗುತ್ತದೆ.

ಈಗ ರಿಯಾಯಿತಿಯ ವಿಷಯ. ಉಪ್ಪಿಗೆ ಬೇಡ. ಅಗ್ಗವಾಯಿತೆಂದು ಯಾರೂ ಸಾರಿಗೆ ಎರಡು ಚಮಚ ಹೆಚ್ಚು ಹಾಕುವುದಿಲ್ಲ. ಬೇರೆ ಅಂಗಡಿಯ ಗ್ರಾಹಕರನ್ನು ಒಳಗೆ ಕರೆಯುವ ಉದ್ದೇಶವಿದ್ದರೆ ಸರಿ, ಇಲ್ಲವಾದರೆ ಕೈಯಿಂದ ಹೋದ ಹಣ.

ಫೋನಿನಲ್ಲಿ 2.5 ಎಂಬ ಸಂಖ್ಯೆ ಆಸೆ ಹುಟ್ಟಿಸುತ್ತದೆ, ಅಲ್ಲೇ ಜಾಗ್ರತೆ ಬೇಕು. 13,200ಕ್ಕೆ ಮಾರುವ ಫೋನ್ ನಿಮಗೆ 12,500ಕ್ಕೆ ಬೀಳುತ್ತದೆ ಎನ್ನೋಣ. ಒಂದಕ್ಕೆ 700ರಂತೆ 12 ಫೋನಿಗೆ ಸಿಗುವುದು 8,400. ನೀವು 300 ರೂಪಾಯಿ ಇಳಿಸಿದರೆ ಬೆಲೆ ಶೇ 2.3ರಷ್ಟು ತಗ್ಗಿ ಮಾರಾಟ ಶೇ 6ರಷ್ಟು ಏರೀತು, ಅಂದರೆ 12ರ ಜಾಗದಲ್ಲಿ 13 ಸಹ ಕಷ್ಟ. ವಹಿವಾಟು ಹೆಚ್ಚುತ್ತದೆ ನಿಜ, ಆದರೆ ಒಂದು ಫೋನಿನ ಲಾಭ 400ಕ್ಕೆ ಇಳಿದು ಒಟ್ಟು ಸುಮಾರು 5,000 ಆಗುತ್ತದೆ. ಹಳೆಯ 8,400 ಉಳಿಯಬೇಕಾದರೆ 21 ಫೋನ್ ಮಾರಬೇಕು. ಹುತ್ತರಿಯ ಹೊತ್ತಿಗೆ ಅಷ್ಟು ಗಿರಾಕಿಗಳು ಬಂದಾರೆಂಬ ಭರವಸೆ ಮಗನಿಗೆ ಇದ್ದರೆ, ಅಥವಾ ಆ 300ನ್ನು ಕಂಪನಿಯೇ ಭರಿಸುವುದಾದರೆ, ಇಳಿಸಿ ನೋಡಿ.